ಎರಡು ಕೊಟೇಶನ್‌, ಒಂದೇ ಬಾಯ್ಲರ್‌: ಜಿಸಿವಿಯನ್ನು ಎನ್‌ಸಿವಿ ಮಾಡುವುದು ಹೇಗೆ?

ಬೆಳಿಗ್ಗೆ ತಣ್ಣೀರು ತುಂಬಿದ ಸ್ಟೀಲ್ ಪಾತ್ರೆಯನ್ನು ಗ್ಯಾಸ್ ಒಲೆ ಮೇಲೆ ಇಟ್ಟು, ಅದರ ತಳ ನೋಡಿ. ಮೊದಲ ಅರ್ಧ ನಿಮಿಷ ಹೊರಗಡೆ ಬೆವರುತ್ತದೆ. ಕೆಲವೊಮ್ಮೆ ಹನಿ ಬರ್ನರ್ ಮೇಲೆ ಬಿದ್ದು ಚುಸ್ ಅನ್ನುತ್ತದೆ. ಪಾತ್ರೆ ಸೋರುತ್ತಿದೆ ಅಂದುಕೊಳ್ಳುತ್ತೇವೆ. ಆದರೆ ಆ ನೀರು ಬಂದಿದ್ದು ಬೆಂಕಿಯಿಂದ. ಗ್ಯಾಸ್‌ನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. 14.2 ಕಿಲೋ ಸಿಲಿಂಡರ್ ಒಂದು ಖಾಲಿಯಾಗುವಷ್ಟರಲ್ಲಿ 22 ಲೀಟರ್‌ಗಿಂತ ಜಾಸ್ತಿ ನೀರು ಆವಿಯಾಗಿ ಅಡುಗೆಮನೆ ಗಾಳಿಗೆ ಸೇರಿರುತ್ತದೆ.

ಈ ಆವಿ ಸುಮ್ನೆ ಹೋಗುವುದಿಲ್ಲ. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 584 ಕಿಲೋಕ್ಯಾಲರಿ ಶಾಖ ಬೇಕು. ಆವಿ ಮತ್ತೆ ನೀರಾದರೆ ಅಷ್ಟೂ ಶಾಖ ವಾಪಸ್ ಸಿಗುತ್ತದೆ, ಆವಿಯಾಗೇ ಚಿಮಣಿ ದಾಟಿದರೆ ಹೋದ ಹಾಗೆ. ಒಂದು ಕಿಲೋ ಇಂಧನ ಸುಟ್ಟಾಗ ಸಿಗುವ ಶಾಖವೇ ಅದರ ಉಷ್ಣಮೌಲ್ಯ. ಆವಿಯ ಶಾಖ ವಾಪಸ್ ಸಿಕ್ಕಿತು ಎಂದು ಲೆಕ್ಕ ಹಾಕಿದರೆ ಬರುವುದು ಮೇಲಿನ ಉಷ್ಣಮೌಲ್ಯ, ಅಂದರೆ ಜಿಸಿವಿ. ಸಿಗಲಿಲ್ಲ ಎಂದು ಕಳೆದರೆ ಕೆಳಗಿನದು, ಎನ್‌ಸಿವಿ.

ದಾವಣಗೆರೆಯಲ್ಲಿ ಮೆಸ್ ನಡೆಸುವ ನನ್ನ ಗೆಳೆಯನೊಬ್ಬ ಇದರಲ್ಲೇ ಸಿಕ್ಕಿಕೊಂಡಿದ್ದ. ಅನ್ನ, ಸಾಂಬಾರು ಎಲ್ಲ ಸ್ಟೀಮ್‌ನಲ್ಲೇ. ಬಾಯ್ಲರ್‌ಗೆ ಶೇಂಗಾ ಸಿಪ್ಪೆ ಒತ್ತಿ ಮಾಡಿದ ಬ್ರಿಕೆಟ್. ಇಬ್ಬರು ಕೊಟೇಶನ್ ಕೊಟ್ಟಿದ್ದರು, ರೇಟು ಒಂದೇ. ಒಬ್ಬರ ಚೀಟಿಯಲ್ಲಿ ಕಿಲೋಗೆ 4,200, ಇನ್ನೊಬ್ಬರದರಲ್ಲಿ 3,900 ಕಿಲೋಕ್ಯಾಲರಿ. "ಇದರಲ್ಲಿ ಯೋಚನೆ ಏನು ಮಾಡೋದು, 4,200ರದೇ ತಗೋತೀನಿ" ಅಂದ. ಚೀಟಿ ತಿರುಗಿಸಿ ನೋಡಿದರೆ ಮೊದಲನೆಯದು ಜಿಸಿವಿ, ಎರಡನೆಯದು ಎನ್‌ಸಿವಿ!

ಮೊದಲು ಮಾಡಬೇಕಾದ್ದು ಇದೇ: ಅಂಕಿ ಯಾವುದರದು ಎಂದು ಕೇಳಿ. ಏನೂ ಬರೆದಿಲ್ಲದ ಲ್ಯಾಬ್ ಅಂಕಿ ಸಾಮಾನ್ಯವಾಗಿ ಜಿಸಿವಿಯೇ. ಯಾಕಂದರೆ ಲ್ಯಾಬಿನಲ್ಲಿ ಒಂದು ಗ್ರಾಂನಷ್ಟು ಪುಡಿಯನ್ನು ಬಾಂಬ್ ಕ್ಯಾಲರಿಮೀಟರ್ ಎಂಬ ಗಟ್ಟಿ ಉಕ್ಕಿನ ಡಬ್ಬಿಯಲ್ಲಿ ಆಮ್ಲಜನಕ ತುಂಬಿ ಸುಡುತ್ತಾರೆ. ಡಬ್ಬಿ ತಣ್ಣೀರಿನಲ್ಲಿ ಮುಳುಗಿರುತ್ತದೆ. ಆವಿಗೆ ಹೊರಗೆ ಹೋಗಲು ದಾರಿಯಿಲ್ಲ, ಒಳಗೇ ತಣಿದು ನೀರಾಗಿ, ತನ್ನ ಶಾಖವನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಬಾಯ್ಲರ್ ಚಿಮಣಿಯಲ್ಲಿ ಹೊಗೆ 150–200 ಡಿಗ್ರಿ ಬಿಸಿ ಇರುತ್ತದೆ, ಅಲ್ಲಿ ಆವಿ ನೀರಾಗುವುದೆಲ್ಲಿ?

ಆಮೇಲೆ ಎರಡು ಅಂಕಿ ಬೇಕು: ತೇವ ಎಷ್ಟು, ಹೈಡ್ರೋಜನ್ ಎಷ್ಟು. ತೇವವನ್ನು ನೀವೇ ನೋಡಬಹುದು. 100 ಗ್ರಾಂ ಪುಡಿಯನ್ನು 105 ಡಿಗ್ರಿ ಓವನ್‌ನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. ಇಳಿದ ಗ್ರಾಂ ಎಷ್ಟೋ ತೇವ ಅಷ್ಟು ಶೇಕಡಾ. ಹೈಡ್ರೋಜನ್ ಮಾತ್ರ ಲ್ಯಾಬಿನಿಂದಲೇ ಬರಬೇಕು. ಗೆಳೆಯನಿಗೆ ಬಂದ 4,200ರ ಮಾಲಿನಲ್ಲಿ ತೇವ ಶೇ 8, ಹೈಡ್ರೋಜನ್ ಶೇ 5.4 ಇತ್ತು.

ಒಂದು ಕಿಲೋ ಹೈಡ್ರೋಜನ್ ಸುಟ್ಟರೆ 9 ಕಿಲೋ ನೀರು. ಹಾಗಾಗಿ ಲೆಕ್ಕ ಹೀಗೆ:

ಎನ್‌ಸಿವಿ = ಜಿಸಿವಿ − 584 × (9 × ಹೈಡ್ರೋಜನ್ + ತೇವ)

ಒಂದು ಕಿಲೋ ಬ್ರಿಕೆಟ್‌ನಲ್ಲಿ ಹೈಡ್ರೋಜನ್ 0.054 ಕಿಲೋ. ಅದರಿಂದ ಹುಟ್ಟುವ ನೀರು 0.486 ಕಿಲೋ, ಮೊದಲೇ ಇದ್ದ ತೇವ 0.08. ಒಟ್ಟು 0.566. ಅದನ್ನು 584ರಿಂದ ಗುಣಿಸಿದರೆ ಸುಮಾರು 330. 4,200ರಲ್ಲಿ ಕಳೆದರೆ 3,870. ಅಂದರೆ 3,900ರ ಮಾಲೇ ಒಂದು ಕೈ ಮೇಲು!

ಇಲ್ಲಿ ಜನ ಎಡವುವುದು ಎರಡು ಕಡೆ. ಲ್ಯಾಬ್ ಕೊಟ್ಟ ಹೈಡ್ರೋಜನ್‌ನಲ್ಲಿ ತೇವದ ನೀರಿನ ಹೈಡ್ರೋಜನ್ ಕೂಡ ಸೇರಿದ್ದರೆ ತೇವವನ್ನು ಮತ್ತೆ ಕಳೆಯಬಾರದು, ಒಂದೇ ನೀರನ್ನು ಎರಡು ಸಲ ಕಳೆದಂತಾಗುತ್ತದೆ. ಇನ್ನೊಂದು, ಕೆಲವೊಮ್ಮೆ ಜಿಸಿವಿಯನ್ನು ಪೂರ್ತಿ ಒಣಗಿಸಿದ ಮಾಲಿಗೆ ಕೊಟ್ಟಿರುತ್ತಾರೆ. ಇದೇ ಬ್ರಿಕೆಟ್ ಒಣ ಲೆಕ್ಕದಲ್ಲಿ 4,565 ತೋರಿಸುತ್ತದೆ. ಅಂಥ ಅಂಕಿಯನ್ನು, ಹೈಡ್ರೋಜನ್ ಸಮೇತ, ಮೊದಲು ತೇವ ಬಿಟ್ಟು ಉಳಿದ ಪಾಲಿನಿಂದ, ತೇವ ಶೇ 8 ಇದ್ದರೆ 0.92ರಿಂದ, ಗುಣಿಸಿಕೊಳ್ಳಿ.

ಬಾಯ್ಲರ್ ಮಾರುವವರ ದಕ್ಷತೆಯ ಅಂಕಿಗೂ ಇದೇ ಪ್ರಶ್ನೆ ಕೇಳಿ. ಎನ್‌ಸಿವಿ ಮೇಲೆ ಶೇ 80 ಅನ್ನುವ ಬಾಯ್ಲರ್, ಈ ಬ್ರಿಕೆಟ್ ಹಾಕಿದರೆ, ಜಿಸಿವಿ ಮೇಲೆ ಶೇ 74 ಮಾತ್ರ. ಬಾಯ್ಲರ್ ಅದೇ, ಉರಿಯೂ ಅದೇ.

ಮಳೆಗಾಲದಲ್ಲಿ ಅದೇ ಮಾಲು ನೆನೆದು ತೇವ ಶೇ 20ಕ್ಕೆ ಏರಿತು ಅನ್ನಿ. ಎನ್‌ಸಿವಿ 3,290ರ ಹತ್ತಿರ ಬರುತ್ತದೆ, ಕಿಲೋಗೆ 580 ನಷ್ಟ. ನೀರನ್ನು ಆವಿ ಮಾಡಲು ಶಾಖವೆಲ್ಲ ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಬಿಡಿಸಿದರೆ ಆ 580ರಲ್ಲಿ ಆವಿಯ ಪಾಲು, ಅಂದರೆ ಸೂತ್ರದಲ್ಲಿ ಆವಿಗೆಂದು ಕಳೆಯುವ ಅಂಕಿ ಏರಿದ್ದು, ಬರೀ 33 ಕಿಲೋಕ್ಯಾಲರಿಯಷ್ಟು. ಉಳಿದದ್ದು, ಆ ಒಂದು ಕಿಲೋ ತೂಕದಲ್ಲಿ ಸಿಪ್ಪೆಯೇ ಕಡಿಮೆ ಇದ್ದದ್ದರಿಂದ. ಗೆಳೆಯ ಈಗ ಲಾರಿ ಬಂದಾಗ ಮೂರು ಚೀಲದಿಂದ ಒಂದೊಂದು ಹಿಡಿ ತೆಗೆದು ಒಣಗಿಸಿ ನೋಡಿ, ಆಮೇಲೆ ತೂಕದ ಚೀಟಿಗೆ ಸಹಿ ಹಾಕುತ್ತಾನೆ.