ತಾವರೆ ಅಡಗಿದ್ದು ಎಲ್ಲಿ? ಗೂಢ ಪದಬಂಧದ ಸುಳಿವು ಬಿಡಿಸುವ ಬಗೆ

ದಾರಿ ತಪ್ಪಿದ ಮಗನ ಮೇಲೆ ಲಕ್ಷ್ಯ (3).

ಈ ಸುಳಿವು ಓದಿದೊಡನೆ ಅಪ್ಪ, ಅಮ್ಮ, ಹಾದಿ ಬಿಟ್ಟ ಹುಡುಗ ಎಲ್ಲರೂ ಕಣ್ಮುಂದೆ ಬರುತ್ತಾರೆ. ಮೊದಲು ಆ ಕತೆಯನ್ನು ಬದಿಗಿಡಿ. ಅದು ನಿಮ್ಮನ್ನು ಯಾಮಾರಿಸಲೆಂದೇ ಹೆಣೆದದ್ದು. ಗೂಢ ಪದಬಂಧದ ಸುಳಿವಿನಲ್ಲಿ ಒಂದು ಕಡೆ ಉತ್ತರದ ಅರ್ಥ, ಇನ್ನೊಂದು ಕಡೆ ಅದರ ಅಕ್ಷರಗಳನ್ನು ಕಟ್ಟುವ ದಾರಿ ಇರುತ್ತದೆ. ಆವರಣದ ಅಂಕಿ ಉತ್ತರದ ಅಕ್ಷರಗಳ ಎಣಿಕೆ.

ಮೊದಲ ಕೆಲಸ, ಅರ್ಥ ಹೇಳುವ ಪದವನ್ನು ಹುಡುಕುವುದು. 1920ರ ದಶಕದಲ್ಲಿ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಬೆಳೆದ ಈ ಆಟದಲ್ಲಿ ಅರ್ಥ ಸಾಮಾನ್ಯವಾಗಿ ಸುಳಿವಿನ ಆರಂಭದಲ್ಲೋ ಕೊನೆಯಲ್ಲೋ ಇರುತ್ತದೆ, ನಡುವೆ ಇರುವುದು ಅಪರೂಪ. ಇಲ್ಲಿ ಕೊನೆಯ ‘ಲಕ್ಷ್ಯ’ವೇ ಅರ್ಥ ಎಂದುಕೊಳ್ಳೋಣ. ಅವಸರದವರು ತಕ್ಷಣ ‘ಕಾಳಜಿ’ ಎಂದು ಬರೆದುಬಿಡುತ್ತಾರೆ. ಮೂರು ಮನೆ ತುಂಬಿತು, ಆದರೆ ‘ದಾರಿ ತಪ್ಪಿದ ಮಗನ’ ಎಂಬುದಕ್ಕೆ ಕೆಲಸವೇ ಸಿಗಲಿಲ್ಲ. ಉಳಿದ ಪದಗಳಿಗೆ ಕೆಲಸವಿಲ್ಲದಿದ್ದರೆ ಉತ್ತರ ತಪ್ಪೆಂದೇ ತಿಳಿಯಿರಿ.

ಈಗ ಸೂಚಕ ಪದ. ದಾರಿ ತಪ್ಪಿದ, ಕದಡಿದ, ಕಂಗೆಟ್ಟ, ಚೆಲ್ಲಾಪಿಲ್ಲಿಯಾದ: ಏನೋ ಕೆಟ್ಟಿದೆ, ಕಲಕಿದೆ ಎನ್ನುವ ಮಾತು ಬಂದರೆ ಪಕ್ಕದ ಪದದ ಅಕ್ಷರಗಳನ್ನು ಪಲ್ಲಟ ಮಾಡಬೇಕು. ‘ಮಗ’ ಎರಡೇ ಅಕ್ಷರ, ಬೇಕಾದದ್ದು ಮೂರು. ವಿಭಕ್ತಿ ಪ್ರತ್ಯಯವನ್ನೂ ಸೇರಿಸಿ ‘ಮಗನ’ ಎಂದು ತೆಗೆದುಕೊಳ್ಳಿ. ಮ, ಗ, ನ ಕಲಕಿದರೆ ಗಮನ. ಲಕ್ಷ್ಯ ಎಂದರೂ ಅದೇ. ‘ಮೇಲೆ’ ಎರಡನ್ನೂ ಬೆಸೆಯುವ ಪದ, ಅಷ್ಟೆ.

ಕನ್ನಡದಲ್ಲಿ ಒಂದು ಎಚ್ಚರ ಬೇಕು. ಇಂಗ್ಲಿಷಿನಲ್ಲಿ ಸ್ವರ, ವ್ಯಂಜನ ಒಂದೊಂದೂ ಬಿಡಿಯಾಗಿ ಜಾಗ ಬದಲಿಸುತ್ತದೆ. ನಮ್ಮಲ್ಲಿ ಮನೆಯೊಂದಕ್ಕೆ ಇಡೀ ಅಕ್ಷರ ಕೂರುವುದರಿಂದ ದೀರ್ಘ, ಒತ್ತು ಎಲ್ಲವೂ ಅದರ ಜೊತೆಗೇ ಸಾಗುತ್ತವೆ. ವಾಲ್ಮೀಕಿಯ ಕತೆಯ ‘ಮರಾ’ ತಿರುಗಿದರೆ ‘ರಾಮ’ ಆಗುತ್ತದೆ, ದೀರ್ಘವಿಲ್ಲದ ‘ಮರ’ ಆಗದು. ‘ಲಕ್ಷ್ಯ’ಕ್ಕೂ ಎರಡೇ ಮನೆ ಸಾಕು.

ಇನ್ನೊಂದು ಬಗೆಯಲ್ಲಿ ಉತ್ತರ ಅಡಗಿ ಕೂತಿರುತ್ತದೆ:

ಲೋಕ ಮಲಗಿದಾಗ ಒಳಗೆ ಅಡಗಿದ ತಾವರೆ (3).

ಇಲ್ಲಿ ‘ಒಳಗೆ ಅಡಗಿದ’ ಎಂಬುದೇ ಸೂಚಕ. ಪದಗಳ ನಡುವಿನ ತೆರವನ್ನು ಅಳಿಸಿ ಓದಿ: ಲೋಕಮಲಗಿದಾಗ. ಲೋ ಬಿಡಿ, ಗಿದಾಗ ಬಿಡಿ, ಉಳಿದದ್ದು ಕಮಲ. ಇಲ್ಲಿ ಅಕ್ಷರಗಳು ಸಾಲಾಗಿ, ಇದ್ದ ಕ್ರಮದಲ್ಲೇ ಬರಬೇಕು. ಒಂದನ್ನು ಹಾರಿಸಿ ಇನ್ನೊಂದನ್ನು ಹೆಕ್ಕಿದರೆ ಅದು ನಿಮ್ಮ ಆಸೆಯೇ ಹೊರತು ಉತ್ತರವಲ್ಲ. ನನ್ನ ಅನುಭವದಲ್ಲಿ ಹೊಸಬರಿಗೆ ಇದೇ ಸುಲಭ, ಏಕೆಂದರೆ ಉತ್ತರ ಕಣ್ಣೆದುರೇ ಇರುತ್ತದೆ.

ಸೂಚಕಗಳು ಒಮ್ಮೊಮ್ಮೆ ಮೋಸ ಮಾಡುವುದೂ ಉಂಟು. ‘ತಿರುಗಿದ’ ಎಂದರೆ ಕಲಕಿದ್ದೂ ಆಗಬಹುದು, ಹಿಂದುಮುಂದಾಗಿ ಓದುವುದೂ ಆಗಬಹುದು. ಎರಡನ್ನೂ ಮಾಡಿ ನೋಡಿ, ಅಡ್ಡ ಬರುವ ಪದದ ಅಕ್ಷರ ಯಾವುದಕ್ಕೆ ಒಪ್ಪುತ್ತದೋ ಅದನ್ನು ಉಳಿಸಿಕೊಳ್ಳಿ. ಅಲ್ಲಿಯವರೆಗೂ ಪೆನ್ಸಿಲ್‌ನಲ್ಲೇ ಬರೆಯಿರಿ.

ಈಗ ಇದನ್ನು ನೀವೇ ಬಿಡಿಸಿ: ದಮನ ಎಡವಟ್ಟಾಗಿ ಎದ್ದ ಮನ್ಮಥ (3).