ಬ್ಯಾಡ್ಜಿನ ಹೊಲಿಗೆ ನೋಡಿ ಮೋಸ ಹೋಗಬೇಡಿ

"ಅಣ್ಣಾ, ಪ್ಲೇಯರ್ ವರ್ಷನ್ ಅಂತ್ರಿ, ಒಂಬೈನೂರಕ್ಕ ಕೊಡ್ತಾನಂತ. ಬ್ಯಾಡ್ಜ್ ಹೊಲಿಗಿ ನೋಡ್ರಿ, ಎಷ್ಟು ಗಟ್ಟಿ ಐತಿ!" ಬಳ್ಳಾರಿಯ ನಮ್ಮ ಓಣಿಯ ಹುಡುಗ ಮೊಬೈಲ್ ಮುಂದೆ ಹಿಡಿದ. ಅರ್ಜೆಂಟೀನಾ ಜೆರ್ಸಿ. ನನಗೆ ಅನುಮಾನ ಬಂದದ್ದೇ ಆ ಹೊಲಿಗೆಯಿಂದ.

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮಲ್ಲಿ 'ರೆಪ್ಲಿಕಾ' ಅಂದರೆ ನಕಲಿ ಅಂತಲೇ ಲೆಕ್ಕ. ಆದರೆ ಫುಟ್‌ಬಾಲ್ ಜೆರ್ಸಿ ಮಾಡುವ ಕಂಪನಿಗಳಿಗೆ ರೆಪ್ಲಿಕಾ ಎಂದರೆ ಅಭಿಮಾನಿಗಳಿಗೆಂದೇ ಮಾಡಿದ ಅಸಲಿ ಜೆರ್ಸಿ. 'ಅಥೆಂಟಿಕ್' ಎಂದರೆ ಆಟಗಾರರು ಹಾಕುವಂಥದ್ದು, ಅದನ್ನೇ ಪ್ಲೇಯರ್ ವರ್ಷನ್ ಅನ್ನುವುದು. ಅದರಲ್ಲಿ ತೂಕ ಕಡಿಮೆ ಇರಲಿ, ಎದೆಗೆ ಉಜ್ಜದಿರಲಿ ಅಂತ ಬ್ಯಾಡ್ಜನ್ನು ಸಾಮಾನ್ಯವಾಗಿ ಬಿಸಿಯಿಂದ ಅಂಟಿಸುತ್ತಾರೆ. ಹೊಲಿದ ಬ್ಯಾಡ್ಜ್ ಜಾಸ್ತಿ ಇರುವುದು ರೆಪ್ಲಿಕಾದಲ್ಲಿ. ಈಗಿನ ಜೆರ್ಸಿ ತೋರಿಸಿ, ಪ್ಲೇಯರ್ ವರ್ಷನ್ ಎಂದು ಹೇಳಿ, ಎಂಬ್ರಾಯ್ಡರಿ ಹೊಗಳಿದರೆ ಅಲ್ಲೇ ನಿಲ್ಲಿ.

ಹೊಲಿಗೆ ಇದ್ದರೆ ಒಳಮಗ್ಗುಲಿನ ಫೋಟೊ ಕೇಳಿ. ಮುಂದಿನದು ಎಲ್ಲರೂ ಕಳಿಸುತ್ತಾರೆ. ಜೀನ್ಸ್ ಯೂನಿಟ್‌ನಲ್ಲಿ ಎಂಬ್ರಾಯ್ಡರಿ ಮಷಿನ್ ಓಡಿಸುವ ಗೆಳೆಯನೂ ಬಟ್ಟೆ ಕೊಟ್ಟರೆ ಮೊದಲು ತಿರುವಿ ಹಾಕುತ್ತಾನೆ. ಹೊಲಿಗೆಗೆ ಆಸರೆಯಾಗಿ ಹಿಂದೆ ಇಟ್ಟ ಪೇಪರ್ ಅಡ್ಡಾದಿಡ್ಡಿ ಹರಿದಿದೆಯಾ? ಮುಂದೆ ಒಂದು ಅಕ್ಷರದಿಂದ ಇನ್ನೊಂದಕ್ಕೆ ಹಾರಿದ ದಾರ ಕತ್ತರಿಸದೆ ಉಳಿದಿದೆಯಾ? ದಾರದ ನಡುವೆ ಬಟ್ಟೆ ಇಣುಕುತ್ತದೆಯಾ, ಸುತ್ತ ಸುಕ್ಕುಗಟ್ಟಿದೆಯಾ? ಇವೆಲ್ಲ ಅವಸರದ ಕೆಲಸ.

ಆಮೇಲೆ ಪಕ್ಕದ ಹೊಲಿಗೆಯ ಒಳಗಿರುವ ಚಿಕ್ಕ ಟ್ಯಾಗ್. ಅಡಿಡಾಸ್ ಆದರೆ ಅದರಲ್ಲಿ ಆರು ಅಕ್ಷರ-ಅಂಕಿಗಳ ಕೋಡ್ ಇರುತ್ತದೆ. ಗೂಗಲ್‌ನಲ್ಲಿ ಹಾಕಿ. ಅದೇ ತಂಡ, ಅದೇ ವರ್ಷ, ಅದೇ ವರ್ಷನ್ ಬರಬೇಕು. ಕೋಡ್ ಸರಿ ಬಂದರೂ ಗೆದ್ದಂತಲ್ಲ, ಸರಿಯಾದ ಕೋಡನ್ನೇ ಕದ್ದು ಅಚ್ಚು ಹಾಕುವವರೂ ಇದ್ದಾರೆ. ತಪ್ಪು ಬಂದರೆ ಮಾತ್ರ ಮಾತು ಮುಗಿಯಿತು.

ಬಟ್ಟೆಯ ಫೋಟೊ ಕಿಟಕಿ ಬೆಳಕಿನಲ್ಲಿ, ಪಕ್ಕದಿಂದ ಬೆಳಕು ಬೀಳುವಂತೆ ತೆಗೆಸಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿಸಿದರೆ ಅಳತೆ ಸಿಗುತ್ತದೆ. ನೇಯ್ಗೆಯಲ್ಲೇ ಬಂದ ತೂತಿಗೆ, ಉಬ್ಬಿಗೆ ನೆರಳು ಇರುತ್ತದೆ. ಮೇಲೆ ಪ್ರಿಂಟ್ ಮಾಡಿದ ಚುಕ್ಕಿಗೆ ಇರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಕಳಿಸಿದರೆ ಫೋಟೊ ಕುಗ್ಗಿ ನೂಲೆಲ್ಲ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಪರದೆಯ ಮೇಲೆ ಅಲೆಯಂಥ ಗೆರೆ ಕಂಡು, ಜೂಮ್ ಮಾಡಿದಾಗ ಅವು ಜಾಗ ಬದಲಿಸಿದರೆ ಅದು ಪರದೆಯ ಆಟ, ಬಟ್ಟೆಯದ್ದಲ್ಲ.

ಹುಡುಗ ಒಳಮಗ್ಗುಲು, ಟ್ಯಾಗ್ ಎರಡನ್ನೂ ಕೇಳಿದ. ಮಾರುವವನು ಟ್ಯಾಗ್ ಒಂದನ್ನೇ ಕಳಿಸಿದ. ಕೋಡ್ ಹಾಕಿ ನೋಡಿದರೆ ಬಂದದ್ದು ಬೇರೆ ಯಾವುದೋ ತಂಡದ ಕೆಂಪು ಜೆರ್ಸಿ.