ಬೀಗ ಹಾಕಿದ ಮನೆ ಯಾವ ಲೆಕ್ಕಕ್ಕೆ?

ಕಾರವಾರ ಮತ್ತು ಅಂಕೋಲಾ ಕರಾವಳಿಯಲ್ಲಿ ಮೀನುಗಾರ ಕುಟುಂಬಗಳ ಆದಾಯದ ಸಮೀಕ್ಷೆಯೊಂದರ ಫೀಲ್ಡ್ ಕೆಲಸ ನೋಡಿಕೊಂಡಿದ್ದೆ. ಮಾಜಾಳಿ, ಬೈತಖೋಲ, ಹಾರವಾಡ, ಬೇಲೆಕೇರಿ, ಹೀಗೆ ಕೆಲವು ಊರುಗಳು. ಪಂಚಾಯಿತಿ ಮತ್ತು ನಗರಸಭೆಯ ಮನೆ ತೆರಿಗೆ ಪಟ್ಟಿಯಿಂದ ಮನೆಗಳನ್ನು ಲಾಟರಿ ಹಾಕಿ ಆರಿಸಿದ್ದೆವು. ಕೊನೆಗೆ ವರದಿಯಲ್ಲಿ ಒಂದು ಸಾಲು ಬರೆಯಬೇಕಿತ್ತು: ಎಷ್ಟು ಶೇಕಡಾ ಮನೆಯವರು ಉತ್ತರ ಕೊಟ್ಟರು? ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದದ್ದು ಆ ಒಂದು ಸಾಲೇ. ಕೆಳಗಿನ ಅಂಕಿಗಳನ್ನು ಲೆಕ್ಕ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ.

ಆರಿಸಿದ ಮನೆಗಳು 400. ಸಂದರ್ಶನ ಮುಗಿದದ್ದು 220 ಮನೆಯಲ್ಲಿ. ಅರ್ಧಕ್ಕೇ ನಿಂತದ್ದು 10. ಬೇಡ ಅಂದವರು 30. ಮೀನುಗಾರರೇ ಅಂತ ಗೊತ್ತಿದ್ದೂ ಕೈಗೆ ಸಿಗದವರು 20. ಕಾಯಿಲೆ, ಸೂತಕ ಅಂತ ಬಿಟ್ಟದ್ದು 10. ನಮ್ಮ ಸಮೀಕ್ಷೆಗೆ ಸಂಬಂಧವೇ ಇಲ್ಲದವು 60: ಬಿದ್ದ ಮನೆ, ಅಂಗಡಿಯಾದ ಮನೆ, ಮೀನುಗಾರಿಕೆ ಮಾಡದ ಮನೆ. ಉಳಿದ 50 ಮನೆಗೆ ಬೀಗ, ಒಳಗೆ ಯಾರಿರುತ್ತಾರೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಆಫೀಸಿನಲ್ಲಿ ಮೊದಲು ಬಂದ ಸಲಹೆ 88 ಶೇಕಡಾ. ಹೇಗೆ ಅಂದರೆ ಉತ್ತರ ಕೊಟ್ಟ 220, ಬೇಡ ಅಂದ 30, ಒಟ್ಟು 250; 250ಕ್ಕೆ 220 ಅಂದರೆ 88. ಲೆಕ್ಕ ತಪ್ಪಲ್ಲ, ಹೆಸರು ತಪ್ಪು. ಎದುರಿಗೆ ಸಿಕ್ಕವರಲ್ಲಿ ಎಷ್ಟು ಮಂದಿ ಒಪ್ಪಿದರು ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಸಿಗದೇ ಹೋದವರು ಅದರಲ್ಲಿ ಇಲ್ಲವೇ ಇಲ್ಲ. ಇನ್ನೊಬ್ಬರು 400ಕ್ಕೆ 220 ಅಂತ 55 ಬರೆಯೋಣ ಅಂದರು. ಅದೂ ಸರಿಯಲ್ಲ; ಬಿದ್ದುಹೋದ ಮನೆ ನಮಗೆ ಉತ್ತರ ಕೊಡಲಿಲ್ಲ ಅಂತ ದೂರಿದ ಹಾಗಾಗುತ್ತದೆ.

ಅಮೆರಿಕದ ಸಮೀಕ್ಷಕರ ಸಂಘ ಆಪೋರ್ 1998ರಿಂದ ಇದಕ್ಕೊಂದು ನಿಯಮ ಪುಸ್ತಕ ಹೊರತರುತ್ತಿದೆ. ನಾನು ಅದರದ್ದೇ ಎರಡು ಸೂತ್ರ ಬಳಸಿದೆ. RR ಅಂದರೆ ಉತ್ತರ ಕೊಟ್ಟವರ ಪಾಲು.

```
RR1 = I / (I + P + R + NC + O + U)
RR3 = I / (I + P + R + NC + O + e*U)
```

I ಮುಗಿದ ಸಂದರ್ಶನ, P ಅರ್ಧ ಆದದ್ದು, R ನಿರಾಕರಣೆ, NC ಸಿಗದವರು, O ಬೇರೆ ಕಾರಣ. U ಅಂದರೆ ಅರ್ಹರೋ ಅಲ್ಲವೋ ಗೊತ್ತಿಲ್ಲದವರು. e ಅಂದರೆ ಆ U ನಲ್ಲಿ ಅರ್ಹರು ಎಷ್ಟು ಪಾಲು ಇರಬಹುದು ಅನ್ನುವ ಅಂದಾಜು. ಅನರ್ಹ ಅಂತ ಖಚಿತವಾದ 60 ಮನೆ ಎರಡು ಸೂತ್ರದಲ್ಲೂ ಕೆಳಗೆ ಬರುವುದಿಲ್ಲ, ಗಮನಿಸಿ. ಅದಕ್ಕೇ ಅನರ್ಹ ಅನ್ನುವ ಪೆಟ್ಟಿಗೆಯ ಮೇಲೆ ಎಲ್ಲರಿಗೂ ಕಣ್ಣು. ಒಂದು ಮನೆಯನ್ನು ಅಲ್ಲಿಗೆ ತಳ್ಳಿದರೆ ಶೇಕಡಾ ತನ್ನಷ್ಟಕ್ಕೆ ಏರುತ್ತದೆ, ಮತ್ತೆ ಆ ಮನೆಗೆ ಹೋಗುವ ಕೆಲಸವೂ ತಪ್ಪುತ್ತದೆ.

ಹಾಗಾಗಿ ಫೀಲ್ಡಿಗೆ ಇಳಿಯುವ ಮೊದಲೇ ಒಂದು ಕಟ್ಟುಪಾಡು ಮಾಡಿದ್ದೆ. ಅನರ್ಹ ಅಂತ ಬರೆಯಬೇಕಾದರೆ ಯಾರು ಹೇಳಿದರು, ಏನು ಹೇಳಿದರು ಅಂತ ಪಕ್ಕದಲ್ಲಿ ಬರೆಯಬೇಕು. ಬೀಗ ನೋಡಿ ಬರೆಯುವ ಹಾಗಿಲ್ಲ. ಹಿಂದಿನ 12 ತಿಂಗಳಲ್ಲಿ ಮನೆಯ ಒಬ್ಬರಾದರೂ ಮೀನು ಹಿಡಿಯುವ ಅಥವಾ ಮಾರುವ ಕೆಲಸ ಮಾಡಿದ್ದರೆ ಅರ್ಹ. ಇಡೀ ಮನೆಯವರು ಆರು ತಿಂಗಳಿಗಿಂತ ಜಾಸ್ತಿ ಬೇರೆ ಊರಲ್ಲೇ ಇದ್ದರೆ ಅನರ್ಹ.

ಈ ಗೆರೆ ಎಷ್ಟು ಸೂಕ್ಷ್ಮ ಅಂತ ಹಾರವಾಡದಲ್ಲಿ ಒಂದೇ ಓಣಿಯಲ್ಲಿ ಕಂಡಿತು. ಅಕ್ಕಪಕ್ಕ ಎರಡು ಮನೆ, ಎರಡಕ್ಕೂ ಬೀಗ. ನಮ್ಮ ಹುಡುಗಿ ಎದುರು ಮನೆಯವರನ್ನು ಕೇಳಿದಳು: “ಅಕ್ಕಾ, ಇವರು ಯಾವಾಗ ಸಿಗ್ತಾರೆ?”

“ಅವರಾ? ಗೋವಾದಲ್ಲೇ ಇರೋದು. ಚೌತಿಗೆ ಬರ್ತಾರೆ, ಹೋಗ್ತಾರೆ.”

“ಮತ್ತೆ ಈ ಮನೆಯವರು?”

“ಗಂಡ ಮಲ್ಪೆ ಬೋಟಿಗೆ ಹೋಗಿದ್ದಾರೆ. ಹೆಂಡತಿ ಬೆಳಿಗ್ಗೆನೇ ಮೀನು ಬುಟ್ಟಿ ತಗೊಂಡು ಹೋಗ್ತಾಳೆ, ಮಧ್ಯಾಹ್ನ ಕಳೆದು ಬಾ.”

ಮೊದಲನೆಯದು ಅನರ್ಹ, ಎರಡನೆಯದು ಅರ್ಹ, ಸದ್ಯಕ್ಕೆ ಸಿಗದ ಮನೆ. ಬಾಗಿಲಲ್ಲಿ ನಿಂತು ನೋಡಿದರೆ ಎರಡೂ ಒಂದೇ. ಕೇಳಲು ಅಕ್ಕಪಕ್ಕ ಯಾರೂ ಇಲ್ಲದಾಗ ಹೆಸ್ಕಾಂ ಮೀಟರಿನ ಅಂಕಿ ಬರೆದುಕೊಂಡು ಬರಲು ಹೇಳಿದ್ದೆ. ಮುಂದಿನ ಸಲ ಅಂಕಿ ಮುಂದೆ ಹೋಗಿದ್ದರೆ ಮನೆಯಲ್ಲಿ ಜನ ಇದ್ದಾರೆ ಅಂತ ತಿಳಿಯುತ್ತದೆ. ಮೀನುಗಾರರೋ ಅಲ್ಲವೋ ಅಂತ ಮೀಟರು ಹೇಳುವುದಿಲ್ಲ, ಹಾಗಾಗಿ ಆ ಮನೆ U ನಲ್ಲೇ ಉಳಿಯುತ್ತದೆ. ಆದರೆ ಯಾವ ಮನೆಗೆ ಇನ್ನೊಮ್ಮೆ ಹೋಗಬೇಕು ಅಂತ ಗೊತ್ತಾಗುತ್ತದೆ.

ಇನ್ನೊಂದು ಗೊಂದಲ, ಕೊನೆಯ ಭೇಟಿಯದ್ದು. ಮೊದಲ ಸಲ “ನಮಗೆ ಬೇಡ” ಅಂದ ಮನೆ ಮುಂದಿನ ಎರಡು ಸಲ ಬೀಗ ಹಾಕಿದ್ದರೆ ಹುಡುಗರು ‘ಸಿಗಲಿಲ್ಲ’ ಅಂತ ಬರೆದು ತರುತ್ತಾರೆ. ಅದು ನಿರಾಕರಣೆಯೇ. ಕೊನೆಯದ್ದನ್ನಲ್ಲ, ಎಲ್ಲ ಭೇಟಿಗಳಲ್ಲಿ ಹೆಚ್ಚು ತಿಳಿಸುವುದನ್ನು ಹಿಡಿಯಬೇಕು. ಬೀಗದ ಮನೆ ಬಿಟ್ಟು ಅದರ ಬದಲಿಗೆ ಪಕ್ಕದ ಮನೆಗೆ ಹೋಗಲು ನಾನು ಯಾರಿಗೂ ಒಪ್ಪಿಗೆ ಕೊಡಲಿಲ್ಲ. ಹಾಗೆ ಮಾಡಿದರೆ 400 ಸಂದರ್ಶನ ತುಂಬಿಬಿಡುತ್ತದೆ, ಎಷ್ಟು ಮನೆ ತಪ್ಪಿತು ಅನ್ನುವುದು ಹಾಳೆಯಿಂದಲೇ ಮಾಯ.

ಯಾರಾದರೂ ಸುಮ್ನೆ ಅನರ್ಹ ಅಂತ ಬರೆಯುತ್ತಿದ್ದಾರಾ ಅಂತ ಕಂಡುಹಿಡಿಯುವುದು ಕಷ್ಟವಲ್ಲ. ಒಂದೇ ಊರಲ್ಲಿ ಇಬ್ಬರು ಕೆಲಸ ಮಾಡಿದಾಗ ಒಬ್ಬರ ಹಾಳೆಯಲ್ಲಿ ಅನರ್ಹ ಮನೆಗಳು ಇನ್ನೊಬ್ಬರಿಗಿಂತ ಎರಡು ಪಟ್ಟು ಇದ್ದರೆ ಭೇಟಿಯ ಸಮಯ ನೋಡಿ. ಎಲ್ಲವೂ ಬೆಳಿಗ್ಗೆ ಹತ್ತರಿಂದ ಹನ್ನೆರಡು ಇದ್ದರೆ ವಿಷಯ ಅಲ್ಲೇ ಇದೆ. ಆ ಹೊತ್ತಿಗೆ ಗಂಡಸರು ಸಮುದ್ರದಲ್ಲಿ, ಹೆಂಗಸರು ಮಾರ್ಕೆಟ್ಟಿನಲ್ಲಿ.

ಈಗ ಲೆಕ್ಕಕ್ಕೆ ಬರೋಣ. ಅರ್ಹ ಅಂತ ಗೊತ್ತಾದ ಮನೆಗಳು 220, 10, 30, 20, 10 ಸೇರಿ 290. ಬೀಗದ 50 ಮನೆಯನ್ನೂ ಪೂರ್ತಿ ಅರ್ಹ ಅಂತ ಹಿಡಿದರೆ 340. ಆಗ RR1 64.7 ಶೇಕಡಾ. ಇದಕ್ಕಿಂತ ಕೆಳಗೆ ಹೋಗುವ ಹಾಗಿಲ್ಲ. ಆದರೆ ಬೀಗದ ಮನೆಗಳೆಲ್ಲ ಮೀನುಗಾರರದ್ದೇ ಇರಲಾರದು, ಅಲ್ವಾ? ಅದಕ್ಕೇ e. ಗೊತ್ತಾದ ಮನೆಗಳಲ್ಲಿ ಅರ್ಹ ಎಷ್ಟು ಅಂತ ನೋಡುವುದು ರೂಢಿ: 350ರಲ್ಲಿ 290, ಅಂದರೆ 0.83. ಆ ಲೆಕ್ಕದಲ್ಲಿ RR3 66.4.

ನನಗೆ ಈ 0.83 ಹಿಡಿಸಲಿಲ್ಲ. ನಮ್ಮ ಕಡೆ ತಿಂಗಳುಗಟ್ಟಲೆ ಬೀಗ ಬಿದ್ದ ಮನೆ ಅಂದರೆ ಗೋವಾಕ್ಕೋ ಮುಂಬಯಿಗೋ ಹೋದವರದ್ದು ಜಾಸ್ತಿ. ಬಾಗಿಲು ತೆರೆದ ಮನೆಗಳ ಅನುಪಾತವನ್ನು ಅವುಗಳ ಮೇಲೆ ಹೇರುವುದು ಹೇಗೆ? ಹಾಗಂತ ನನಗೆ ತೋಚಿದ ಅಂಕಿ ಹಾಕುವಂತಿಲ್ಲ; ಶೇಕಡಾ ಏರಿಸಲಿಕ್ಕೆ e ಆರಿಸಬಾರದು ಅಂತ ಆಪೋರ್ ಪುಸ್ತಕ ಸ್ಪಷ್ಟವಾಗಿಯೇ ಹೇಳುತ್ತದೆ. ಆಧಾರ ಬೇಕು. 50 ಬೀಗದ ಮನೆಗಳಲ್ಲಿ 20ನ್ನು ಮತ್ತೆ ಲಾಟರಿಯಲ್ಲೇ ಎತ್ತಿ ಅವುಗಳ ಬೆನ್ನು ಹತ್ತಿದೆವು. ರೇಷನ್ ಅಂಗಡಿ, ಆಶಾ ಕಾರ್ಯಕರ್ತೆ, ಮೀನುಗಾರರ ಸೊಸೈಟಿ, ಎಲ್ಲ ಕಡೆ ಕೇಳಿದೆವು. 8 ಮನೆ ಅರ್ಹ, 12 ಅನರ್ಹ ಅಂತ ಗೊತ್ತಾಯಿತು. ಆ 8 ಮನೆಯವರೂ ಸಂದರ್ಶನಕ್ಕೆ ಸಿಗಲಿಲ್ಲ, ಹಾಗಾಗಿ NC ಗೆ ಸೇರಿದವು.

ಈಗ ಅರ್ಹ 298, ಗೊತ್ತಿಲ್ಲದ್ದು 30. e ಅಂದರೆ 20ರಲ್ಲಿ 8, 0.4. 30ಕ್ಕೆ 12 ಮನೆ. 310ಕ್ಕೆ 220, ಅಂದರೆ RR3 71 ಶೇಕಡಾ. RR1 67. ಇಪ್ಪತ್ತೇ ಮನೆಯಿಂದ ಬಂದ e ಅಲುಗಾಡುವುದು ಸಹಜ, ಅದಕ್ಕೇ 0.2 ಮತ್ತು 0.6 ಹಾಕಿಯೂ ನೋಡಿದೆ: 72.4, 69.6. ಅಲುಗಾಟ ದೊಡ್ಡದೇನಲ್ಲ.

ವರದಿಯಲ್ಲಿ 71 ಅಂತಷ್ಟೇ ಬರೆದು ಬಿಡಲಿಲ್ಲ. ಅದರ ಪಕ್ಕದಲ್ಲೇ 67 ಇಟ್ಟೆ, e ಎಲ್ಲಿಂದ ಬಂತು ಅಂತ ಎರಡು ಸಾಲು ಬರೆದೆ, 400 ಮನೆ ಯಾವ ಯಾವ ಪೆಟ್ಟಿಗೆಗೆ ಹೋದವು ಅನ್ನುವ ಕೋಷ್ಟಕ ಕೊಟ್ಟೆ. ಬೇಕಾದವರು ತಮ್ಮ ಲೆಕ್ಕ ತಾವೇ ಮಾಡಿಕೊಳ್ಳಬಹುದು. ಅದರ ಕೆಳಗೆ ಇನ್ನೊಂದು ಮಾತು ಸೇರಿಸಿದೆ: ಅರ್ಹರಾಗಿಯೂ ಕೈಗೆ ಸಿಗದ 28 ಮನೆಗಳಲ್ಲಿ ಹೆಚ್ಚಿನವರು ದೂರದ ಬಂದರಿನ ಬೋಟುಗಳಲ್ಲಿ ದುಡಿಯುವವರು, ಹಾಗಾಗಿ ಬೋಟಿನ ಕೂಲಿಯಿಂದ ಬರುವ ಆದಾಯ ನಮ್ಮ ಸರಾಸರಿಯಲ್ಲಿ ಕಡಿಮೆ ಕಾಣುತ್ತಿರಬಹುದು.